ಹಲ್ಲಿನ ಬೇರು ಚಿಕಿತ್ಸೆ ಮತ್ತು ಕ್ಯಾಪ್: ಖರ್ಚಿನ ಲೆಕ್ಕ ಮೊದಲೇ ತಿಳಿದಿರಲಿ

(ದಂತ ವಿಭಾಗದಲ್ಲಿ ರೋಗಿಗಳಿಗೂ ಅವರ ಜೊತೆಗೆ ಬಂದವರಿಗೂ ವೈದ್ಯರು ಆಡಿದ ಮಾತಿನ ಬರಹರೂಪ)



ಹಲ್ಲುನೋವೆಂದು ಬಂದವರು ಕುರ್ಚಿಯಿಂದ ಎದ್ದ ಕೂಡಲೇ ಕೇಳುವ ಮೊದಲ ಮಾತು, "ಡಾಕ್ಟರೇ, ಒಟ್ಟು ಎಷ್ಟಾಗ್ತದ್ರೀ?" ಈ ಪ್ರಶ್ನೆ ಕೇಳಲು ತಾವು ಸಂಕೋಚಪಡಬೇಕಾಗಿಲ್ಲ. ಆದರೆ ಅದಕ್ಕೆ ಒಂದೇ ಮಾತಿನ ಉತ್ತರ ಸಿಕ್ಕರೆ ಅಲ್ಲಿಗೆ ತೃಪ್ತರಾಗಬೇಡಿ. "ರೂಟ್ ಕೆನಾಲಿಗೆ ಇಷ್ಟು" ಎಂದು ಕೇಳಿದವರು ಅದೇ ಪೂರ್ತಿ ಖರ್ಚೆಂದು ತಿಳಿದು ಹಣ ಹೊಂದಿಸುತ್ತಾರೆ. ಆಮೇಲೆ ಕ್ಯಾಪ್‌ಗೆ ಬೇರೆ ಹಣ ಎಂದಾಗ ಅರ್ಧಕ್ಕೇ ನಿಲ್ಲಿಸುತ್ತಾರೆ. ಹೀಗೆ ಅರ್ಧಕ್ಕೆ ನಿಲ್ಲಿಸಿದ್ದರಿಂದಲೇ ಹಲ್ಲೂ ಹೋಗಿ, ಕೊಟ್ಟ ಹಣವೂ ಹೋದ ಅನೇಕರನ್ನು ನಾವು ನೋಡಿದ್ದೇವೆ.

ಒಂದು ಉದಾಹರಣೆಯಿಂದ ನೋಡೋಣ. ನಲವತ್ತೈದು ವರ್ಷದ ಒಬ್ಬ ತಾಯಿ ಬಂದಿದ್ದಾರೆ ಎನ್ನೋಣ. ಎಡಗಡೆ ಕೆಳಗಿನ ದೊಡ್ಡ ದವಡೆ ಹಲ್ಲು ಹುಳುಕಾಗಿದೆ. ಬಿಸಿ ಚಹಾ ಕುಡಿದರೆ ಸೆಳೆತ, ರಾತ್ರಿ ನಿದ್ದೆ ಇಲ್ಲ. ಚೀಟಿಯಲ್ಲಿ ವೈದ್ಯರು 36 ಎಂದು ಬರೆಯುತ್ತಾರೆ. ಅದು ಆ ಹಲ್ಲಿನ ನಂಬರು. ಎಕ್ಸ್‌ರೇಯಲ್ಲಿ ಹುಳುಕು ನರದವರೆಗೆ ಹೋಗಿರುವುದು ಕಾಣುತ್ತದೆ. ಮುಂದಿನ ಕೆಲಸ ಹಂತ ಹಂತವಾಗಿ ನಡೆಯುತ್ತದೆ.

ಮೊದಲ ದಿನ ಸೂಜಿಮದ್ದು ಕೊಟ್ಟು, ಹುಳುಕು ತೆಗೆದು, ಹಲ್ಲಿನ ಮೇಲ್ಭಾಗ ತೆರೆದು, ಕೆಟ್ಟ ನರವನ್ನು ತೆಗೆಯುತ್ತಾರೆ. ಈ ಹಲ್ಲಿನ ಬೇರುಗಳಲ್ಲಿ ಸಾಮಾನ್ಯವಾಗಿ ಮೂರು ನಾಳಗಳು, ಕೆಲವರಿಗೆ ನಾಲ್ಕು. ಅವನ್ನು ತೆಳು ಸೂಜಿಯಂಥ ಅರಗಳಿಂದ ಉಜ್ಜಿ, ಔಷಧದ ನೀರಿನಿಂದ ತೊಳೆದು, ಒಳಗೆ ಮದ್ದಿಟ್ಟು, ಮೇಲೆ ತಾತ್ಕಾಲಿಕ ಸಿಮೆಂಟು ಮುಚ್ಚುತ್ತಾರೆ. ಎರಡನೆಯ ಸಲ ನಾಳಗಳನ್ನು ಮತ್ತೆ ತೊಳೆದು, ರಬ್ಬರಿನಂಥ ವಸ್ತುವಿನಿಂದ ತುದಿಯವರೆಗೆ ತುಂಬಿ, ಸರಿಯಾಗಿ ತುಂಬಿದೆಯೇ ಎಂದು ಎಕ್ಸ್‌ರೇ ತೆಗೆದು ನೋಡುತ್ತಾರೆ. ಮೂರನೆಯದು, ಮೇಲಿನ ಪೊಳ್ಳಿಗೆ ಕಾಯಂ ಸಿಮೆಂಟು ತುಂಬುವುದು. ಕೊನೆಗೆ ಹಲ್ಲನ್ನು ಸುತ್ತಲೂ ತೇಯ್ದು, ಅಳತೆ ತೆಗೆದು, ಲ್ಯಾಬಿನಲ್ಲಿ ಕ್ಯಾಪ್ ಮಾಡಿಸಿ ಅಂಟಿಸುವುದು.

ಈಗ ಲೆಕ್ಕ ಹಾಕೋಣ. ಇಲ್ಲಿ ಹೇಳುವ ದರಗಳು ಉದಾಹರಣೆಗೆ ಹಿಡಿದವು. ತಮ್ಮ ಚಿಕಿತ್ಸೆಯ ದರವನ್ನು ಕೌಂಟರಿನಲ್ಲಿ ಕೇಳಿ ಇದೇ ರೀತಿ ಬರೆದುಕೊಳ್ಳಿ.

ಮೊದಲ ದಿನ: ಎಕ್ಸ್‌ರೇ 150, ನರ ತೆಗೆಯಲು 1,000 – ಒಟ್ಟು 1,150 ರೂ.
ಒಂದು ವಾರದ ನಂತರ: ನಾಳ ತುಂಬಲು 1,000, ಎಕ್ಸ್‌ರೇ 150 – ಒಟ್ಟು 1,150 ರೂ.
ಅದೇ ದಿನ ಅಥವಾ ಎರಡು ಮೂರು ದಿನದಲ್ಲಿ: ಕಾಯಂ ಸಿಮೆಂಟು – 600 ರೂ.
ಕ್ಯಾಪ್ ಅಳತೆ ಕೊಟ್ಟ ದಿನ: ಅರ್ಧ ಮುಂಗಡ – 1,250 ರೂ.
ಕ್ಯಾಪ್ ಅಂಟಿಸುವ ದಿನ: ಉಳಿದ ಅರ್ಧ – 1,250 ರೂ.
ಎಲ್ಲ ಸೇರಿ – 5,400 ರೂ.

ಗಮನಿಸಿ, ಇದರಲ್ಲಿ ಸುಮಾರು ಅರ್ಧದಷ್ಟು ಹಣ ಕ್ಯಾಪ್‌ನದೇ. ಬಾಯಿಮಾತಿನಲ್ಲಿ "ರೂಟ್ ಕೆನಾಲ್ ಎರಡು ಸಾವಿರ" ಎಂದು ಮಾತ್ರ ಕೇಳಿದವರಿಗೆ ಉಳಿದದ್ದು ಭಾರವೆನಿಸುವುದು ಸಹಜ. ಕ್ಯಾಪ್‌ನಲ್ಲೂ ಬಗೆಗಳಿವೆ. ಪೂರ್ತಿ ಲೋಹದ್ದು ಅಗ್ಗ. ಒಳಗೆ ಲೋಹ, ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ ಇರುವುದು ನಡುವಿನ ದರದ್ದು. ನಾವು ಲೆಕ್ಕಕ್ಕೆ ಹಿಡಿದದ್ದು ಇದನ್ನೇ. ಜಿರ್ಕೋನಿಯಾ ಎಂಬುದಕ್ಕೆ ದರ ಹೆಚ್ಚು. ಹಿಂದಿನ ದವಡೆ ಹಲ್ಲು ನಕ್ಕಾಗ ಅಷ್ಟಾಗಿ ಕಾಣುವುದಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದರೆ ಅಲ್ಲಿ ಲೋಹದ ಕ್ಯಾಪ್ ಹಾಕಿಸಿಕೊಂಡರೂ ಅಗಿಯುವುದಕ್ಕೆ ಏನೂ ಕೊರತೆಯಾಗದು. ಮುಂದಿನ ಹಲ್ಲಿಗೆ ನಾಳ ಸಾಮಾನ್ಯವಾಗಿ ಒಂದೇ ಆದ್ದರಿಂದ ಖರ್ಚು ಕಡಿಮೆ. ಹೆಚ್ಚು ಭಾಗ ಹಾಳಾಗಿರದಿದ್ದರೆ ಅದಕ್ಕೆ ಕ್ಯಾಪ್ ಬೇಡವಾಗಲೂಬಹುದು.

ಕಂತಿನಲ್ಲಿ ಕೊಡುವವರು ಎಲ್ಲಿ ತಡಮಾಡಬಹುದು, ಎಲ್ಲಿ ಮಾಡಬಾರದು ಎಂಬುದು ಮುಖ್ಯವಾದ ಮಾತು. ಮೊದಲ ದಿನವೇ ನರ ತೆಗೆಯುವುದರಿಂದ ಬಹಳ ಜನರಿಗೆ ನೋವು ನಿಲ್ಲುತ್ತದೆ. ನೋವು ಹೋಯಿತು, ಬಿತ್ತನೆ ಮುಗಿಯಲಿ, ಆಮೇಲೆ ಹೋದರಾಯಿತು ಎಂದುಕೊಳ್ಳುತ್ತಾರೆ. ತಾತ್ಕಾಲಿಕ ಸಿಮೆಂಟು ಕೆಲವು ವಾರಗಳಿಗಷ್ಟೇ. ಅದು ಸವೆದರೆ ಅಥವಾ ಬಿದ್ದರೆ ಎಂಜಲಿನೊಂದಿಗೆ ಕ್ರಿಮಿಗಳು ನಾಳಕ್ಕೆ ಇಳಿದು, ಕೀವಾಗಿ, ದವಡೆ ಊದುತ್ತದೆ. ಮಾಡಿದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಆದ್ದರಿಂದ ಮೊದಲ ಮತ್ತು ಎರಡನೆಯ ಭೇಟಿಯ ನಡುವೆ ಬಿಡುವು ಬೇಡ. ಕಾಯಂ ಸಿಮೆಂಟಿಗೂ ಬಿಡುವು ಬೇಡ. ಅಂದರೆ ನಮ್ಮ ಲೆಕ್ಕದಲ್ಲಿ ಮೊದಲ 2,900 ರೂಪಾಯಿ ಹತ್ತು ಹದಿನೈದು ದಿನದೊಳಗೆ ಕೈಯಲ್ಲಿರಬೇಕು.

ಬಿಡುವು ಸಿಗುವುದು ಕಾಯಂ ಸಿಮೆಂಟು ಮತ್ತು ಕ್ಯಾಪ್‌ನ ನಡುವೆ ಮಾತ್ರ, ಅದೂ ಸುಮಾರು ಒಂದು ತಿಂಗಳು. ಏಕೆಂದರೆ ಹುಳುಕು ತಿಂದು, ನಾವೂ ಮೇಲಿಂದ ತೆರೆದ ಹಲ್ಲು ಮಾಳಿಗೆ ತೆಗೆದ ಮನೆಯ ಗೋಡೆಗಳಂತೆ ನಿಂತಿರುತ್ತದೆ. ನರವಿಲ್ಲದ್ದರಿಂದ ಹಲ್ಲಿನೊಳಗಿನ ನೋವು ಮುನ್ಸೂಚನೆ ಕೊಡದು. ಒಂದು ದಿನ ಕಟಕ್ ರೊಟ್ಟಿಯೋ, ಹುರಿಗಡಲೆಯೋ, ಅಡಿಕೆಯೋ ಕಚ್ಚಿದಾಗ ಹಲ್ಲು ನಡುವೆ ಸೀಳುತ್ತದೆ. ಸೀಳು ಬೇರಿಗಿಳಿದರೆ ಕೀಳುವುದೊಂದೇ ದಾರಿ. ಆಗ ಕೊಟ್ಟ 2,900 ರೂಪಾಯಿ ನೀರಿಗೆ ಹಾಕಿದಂತೆ. ಆ ಜಾಗಕ್ಕೆ ಸೇತುವೆ ಹಲ್ಲು ಕಟ್ಟಿಸಬೇಕೆಂದರೆ ಅಕ್ಕಪಕ್ಕದ ಹಲ್ಲುಗಳೂ ಸೇರಿ ಮೂರು ಕ್ಯಾಪ್‌ಗಳ ದರ, ಅಂದರೆ 7,500 ರೂ.

ತಿಂಗಳೊಳಗೆ ಹಣ ಹೊಂದುವುದಿಲ್ಲವೆಂದಾದರೆ ಬಚ್ಚಿಡದೆ ವೈದ್ಯರಿಗೆ ಹೇಳಿ. ಹಲ್ಲಿನ ಎತ್ತರ ತುಸು ತೇಯ್ದು ಕಡಿತದ ಭಾರ ತಗ್ಗಿಸಬಹುದು, ಇಲ್ಲವೇ ಹಲ್ಲಿನ ಮೂಲೆಗಳೂ ಮುಚ್ಚುವಂತೆ ಸಿಮೆಂಟು ಹಾಕಬಹುದು. ಇದು ಕ್ಯಾಪ್‌ಗೆ ಬದಲಿಯಲ್ಲ, ಸ್ವಲ್ಪ ಕಾಲ ಕೊಡುತ್ತದೆ ಅಷ್ಟೇ. ಅಲ್ಲಿಯವರೆಗೆ ಗಟ್ಟಿ ಪದಾರ್ಥವನ್ನು ಇನ್ನೊಂದು ಬದಿಯಿಂದ ಅಗಿಯಿರಿ.

ಅಂದಾಜು ಎಂದಮೇಲೆ ಕೆಲವೊಮ್ಮೆ ಏರುವುದೂ ಉಂಟು. ಹಲ್ಲಿನ ಗೋಡೆ ತೀರಾ ಕಡಿಮೆ ಉಳಿದಿದ್ದರೆ ಬೇರಿನೊಳಗೆ ಕಡ್ಡಿಯಂಥ ಆಧಾರ ಕೂರಿಸಬೇಕಾಗುತ್ತದೆ. ಹಿಂದೆ ಎಲ್ಲೋ ಮಾಡಿಸಿದ ಬೇರು ಚಿಕಿತ್ಸೆ ಕೆಟ್ಟಿದ್ದರೆ ಹಳೆಯದನ್ನು ತೆಗೆಯುವ ಕೆಲಸ ಸೇರುತ್ತದೆ. ಆದ್ದರಿಂದ ಮೊದಲ ದಿನವೇ ಈ ನಾಲ್ಕು ಮಾತು ಕೇಳಿ, ಚೀಟಿಯಲ್ಲೇ ಬರೆಸಿಕೊಳ್ಳಿ. ಈ ದರದಲ್ಲಿ ಎಕ್ಸ್‌ರೇ, ಸಿಮೆಂಟು, ಕ್ಯಾಪ್ ಎಲ್ಲ ಸೇರಿದೆಯೇ? ಯಾವ ಬಗೆಯ ಕ್ಯಾಪ್? ಯಾವ ದಿನ ಎಷ್ಟು ಕಟ್ಟಬೇಕು? ಖರ್ಚು ಹೆಚ್ಚಾಗುವಂಥದ್ದು ಏನಾದರೂ ಕಾಣುತ್ತಿದೆಯೇ? ಕಟ್ಟಿದ ಹಣದ ರಸೀದಿಗಳನ್ನು ಅದೇ ಚೀಟಿಗೆ ಪಿನ್ ಮಾಡಿಟ್ಟುಕೊಳ್ಳಿ.

ಇಷ್ಟಾಗಿಯೂ ಪೂರ್ತಿ ಮಾಡಿಸುವುದು ತಮ್ಮಿಂದ ಸಾಧ್ಯವೇ ಇಲ್ಲವೆನಿಸಿದರೆ ಆರಂಭಿಸುವ ಮೊದಲೇ ಹೇಳಿಬಿಡಿ. ಹಲ್ಲು ಕೀಳಿಸುವುದು ಒಳ್ಳೆಯ ದಾರಿಯಲ್ಲದಿದ್ದರೂ, ಅರ್ಧ ಚಿಕಿತ್ಸೆ ಮಾಡಿಸಿ ಆಮೇಲೆ ಕೀಳಿಸುವುದಕ್ಕಿಂತ ಮೇಲು. ಇನ್ನು ಜೊತೆಗೆ ಬಂದವರಿಗೆ ಒಂದು ಮಾತು. ತಮ್ಮ ಬಾಯಲ್ಲಿ ನೋವಿಲ್ಲದ ಸಣ್ಣ ಕಪ್ಪು ಗುಳಿ ಇದ್ದರೆ ಇಂದೇ ತೋರಿಸಿ ಹೋಗಿ. ಹುಳುಕು ನರ ಮುಟ್ಟುವ ಮೊದಲು ಒಂದೇ ಭೇಟಿಯಲ್ಲಿ, ಒಂದು ಸಿಮೆಂಟಿನ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ.