ಅಂದಾಜಿಗೂ ಆದದ್ದಕ್ಕೂ ಬಿದ್ದ ಫರಕು: ಕಂಪನಿಯ ತಖ್ತೆ ಓದುವ ಬಗೆ

ನಮ್ಮ ವಿಜಯಪುರ ಜಿಲ್ಲೆಯ ರೈತರಲ್ಲಿ ಕೆಲವರು ರೈತ ಉತ್ಪಾದಕ ಕಂಪನಿಯ ಶೇರು ತೆಗೆದುಕೊಂಡಿದ್ದೀರಿ. ಇಂಥ ಕಂಪನಿಗಳಿಗೆ 2002ರಲ್ಲಿ ಕಾಯದೆಯ ಆಧಾರ ಸಿಕ್ಕಿತು. ಶೇರು ತೆಗೆದುಕೊಂಡವರೇ ಅದರ ಮಾಲೀಕರು. ವರ್ಷದ ಅಂದಾಜು ಪತ್ರಿಕೆಗೆ ಮಂಜೂರಾತಿ ಕೊಡುವುದೂ, ಜಮಾ-ಖರ್ಚು ಒಪ್ಪುವುದೂ ಸದಸ್ಯರ ವಾರ್ಷಿಕ ಸಭೆಯ ಕೆಲಸ ಅಂತ ಆ ಕಾಯದೆಯೇ ಹೇಳುತ್ತದೆ. ಆದರೆ ಸಭೆಯಲ್ಲಿ ತಖ್ತೆ ಕೈಗೆ ಬಂದಾಗ ಬಹಳ ಮಂದಿ ಕೊನೆಯ ಸಾಲು ನೋಡಿ, ಕೈಯೆತ್ತಿ, ಚಹಾ ಕುಡಿದು ಮನೆಗೆ ಬರುತ್ತಾರೆ. ಆ ತಖ್ತೆಯನ್ನು ಓದುವುದು ಹೇಗೆ ಅನ್ನುವುದೇ ಈ ಹೊತ್ತಿನ ಮಾತು.

ತಖ್ತೆಯಲ್ಲಿ ನಾಲ್ಕು ಅಂಕಣ ಇರುತ್ತವೆ. ಮೊದಲನೆಯದು ಬಾಬು, ಎರಡನೆಯದು ವರ್ಷದ ಮೊದಲಿಗೆ ಹಿಡಿದ ಅಂದಾಜು, ಮೂರನೆಯದು ನಿಜವಾಗಿ ಆದದ್ದು, ನಾಲ್ಕನೆಯದು ಎರಡರ ನಡುವಿನ ಫರಕು. ಫರಕಿನ ಮುಂದೆ 'ಅನುಕೂಲ' ಅಥವಾ 'ಪ್ರತಿಕೂಲ' ಅಂತ ಬರೆದಿರುತ್ತಾರೆ. ಕೆಲವರು ಬರಿ ಕೂಡುವ ಚಿಹ್ನೆ, ಕಳೆಯುವ ಚಿಹ್ನೆ ಹಾಕುತ್ತಾರೆ. ಇನ್ನು ಕೆಲವರು ಕಳೆಯುವ ಚಿಹ್ನೆಯ ಬದಲು ಅಂಕಿಯನ್ನು ಕಂಸದೊಳಗೆ ಇಡುತ್ತಾರೆ.

ಇಲ್ಲೇ ಮೊದಲ ಎಡವಟ್ಟು ಆಗುವುದು. ಕೂಡುವ ಚಿಹ್ನೆ ಇದ್ದರೆ ಒಳ್ಳೆಯದು, ಕಳೆಯುವ ಚಿಹ್ನೆ ಇದ್ದರೆ ಕೆಟ್ಟದ್ದು ಅಂತ ತಿಳಿಯಬೇಡಿರಿ. ಆ ಬಾಬು ಜಮೆಯದೋ ಖರ್ಚಿನದೋ ಅಂತ ಮೊದಲು ಕೇಳಿಕೊಳ್ಳಿರಿ. ಜಮೆ ಅಂದಾಜಿಗಿಂತ ಹೆಚ್ಚಾದರೆ ಅನುಕೂಲ, ಕಡಿಮೆಯಾದರೆ ಪ್ರತಿಕೂಲ. ಖರ್ಚಿನಲ್ಲಿ ಇದು ತಿರುವುಮುರುವು: ಹೆಚ್ಚಾದರೆ ಪ್ರತಿಕೂಲ, ಕಡಿಮೆಯಾದರೆ ಅನುಕೂಲ. ಒಬ್ಬ ಗುಮಾಸ್ತ ಆದದ್ದರಲ್ಲಿ ಅಂದಾಜು ಕಳೆದು ಬರೆಯುತ್ತಾನೆ, ಇನ್ನೊಬ್ಬ ಅಂದಾಜಿನಲ್ಲಿ ಆದದ್ದನ್ನು ಕಳೆಯುತ್ತಾನೆ. ಇಬ್ಬರ ಚಿಹ್ನೆಯೂ ಒಂದೇ ಆಗುವುದಿಲ್ಲ. ಅದಕ್ಕೇ ಖರ್ಚಿನ ಒಂದು ಸಾಲು ಹಿಡಿದು, ಅಂದಾಜು ಎಷ್ಟು, ಆದದ್ದು ಎಷ್ಟು ಅಂತ ನೀವೇ ನೋಡಿ, ಚಿಹ್ನೆಯ ಅರ್ಥ ಗೊತ್ತುಮಾಡಿಕೊಳ್ಳಬೇಕು.

ಈಗ ಒಂದು ಲೆಕ್ಕ ಮಾಡೋಣ. ಇದು ತಿಳಿಯಲಿಕ್ಕೆ ಹಿಡಿದ ಉದಾಹರಣೆ. ದರಗಳೂ ಲೆಕ್ಕಕ್ಕೆ ಸುಲಭವಾಗಲೆಂದು ಹಿಡಿದವು. ಬೇಕಾದರೆ ಪೆನ್ಸಿಲ್ ತಗೊಂಡು ಬರಕೊಳ್ರಿ.

ಒಂದು ಕಂಪನಿ ಸದಸ್ಯರಿಂದ 500 ಕ್ವಿಂಟಲ್ ತೊಗರಿ ಕೊಂಡು ಮಾರಬೇಕು ಅಂತ ಅಂದಾಜು ಹಾಕಿತು. ಕೊಳ್ಳುವ ದರ 7,000 ರೂಪಾಯಿ, ಮಾರುವ ದರ 7,500. ಚೀಲ, ಹಮಾಲಿ, ಲಾರಿ ಬಾಡಿಗೆ ಸೇರಿ ಕ್ವಿಂಟಲಿಗೆ 200. ಪಗಾರ, ಗೋದಾಮಿನ ಬಾಡಿಗೆ ವರ್ಷಕ್ಕೆ 1,20,000. ಹೀಗಾದರೆ ಮಾರಾಟ 37,50,000, ಖರೀದಿ 35,00,000, ಸಾಗಣೆ 1,00,000. ಎಲ್ಲ ಕಳೆದು ಉಳಿಯುವುದು 30,000 ರೂಪಾಯಿ.

ಆದದ್ದೇನು? ತೊಗರಿ ಬಂದದ್ದು 400 ಕ್ವಿಂಟಲ್ ಮಾತ್ರ. ಕೊಂಡದ್ದು 7,100ರಂತೆ, ಮಾರಿದ್ದು 7,550ರಂತೆ, ಸಾಗಣೆಗೆ ಬಿದ್ದದ್ದು 240ರಂತೆ. ಅಂದರೆ ಮಾರಾಟ 30,20,000, ಖರೀದಿ 28,40,000, ಸಾಗಣೆ 96,000. ಪಗಾರ, ಬಾಡಿಗೆ ಮೊದಲಿನಷ್ಟೇ. ಕೊನೆಗೆ 36,000 ರೂಪಾಯಿ ಲುಕ್ಸಾನು.

ತಖ್ತೆಯಲ್ಲಿ ಇದು ಹೀಗೆ ಕಾಣುತ್ತದೆ. ಮಾರಾಟದಲ್ಲಿ 7,30,000 ಪ್ರತಿಕೂಲ. ಖರೀದಿಯಲ್ಲಿ 6,60,000 ಅನುಕೂಲ. ಸಾಗಣೆಯಲ್ಲಿ 4,000 ಅನುಕೂಲ. ಒಟ್ಟಿಗೆ 66,000 ಪ್ರತಿಕೂಲ. ಇದನ್ನು ನೋಡಿದವರು, "ಖರೀದಿ, ಸಾಗಣೆ ಎರಡರಲ್ಲೂ ಉಳಿಸ್ಯಾರ, ಮಾರೋದರಾಗೇ ಕೆಡಿಸ್ಯಾರ" ಅಂತಾರೆ. ಆದರೆ ಇಲ್ಲಿ ಸಂಗತಿ ಬರೋಬ್ಬರಿ ಉಲ್ಟಾ ಇದೆ.

ಹೇಗೆ ಅಂತೀರಾ? 500 ಕ್ವಿಂಟಲಿನ ಅಂದಾಜನ್ನು 400 ಕ್ವಿಂಟಲಿನ ಕೆಲಸಕ್ಕೆ ಹೋಲಿಸಿದ್ದಾರೆ. ಐದು ಎಕರೆಗೆ ತಂದ ಬೀಜವನ್ನು ನಾಲ್ಕು ಎಕರೆಗೆ ಬಿತ್ತಿ, ಬೀಜ ಉಳಿಸಿದೆ ಅಂದ ಹಾಗಾಯಿತು. ಆದ್ದರಿಂದ ಅದೇ ಅಂದಾಜಿನ ದರ ಹಿಡಿದು, 400 ಕ್ವಿಂಟಲಿಗೆ ಎಷ್ಟಾಗಬೇಕಿತ್ತು ಅಂತ ನಡುವೆ ಒಂದು ಹೊಸ ಅಂಕಣ ಹಾಕಿರಿ. ಮಾರಾಟ 30,00,000, ಖರೀದಿ 28,00,000, ಸಾಗಣೆ 80,000, ಪಗಾರ-ಬಾಡಿಗೆ 1,20,000. ಉಳಿತಾಯ ಸೊನ್ನೆ. ಪಗಾರ-ಬಾಡಿಗೆಯನ್ನು ಮಾತ್ರ ಇಳಿಸಬಾರದು. ಮಾಲು ಕಡಿಮೆ ಬಂತೆಂದು ಗೋದಾಮಿನ ಬಾಡಿಗೆ ಕಡಿಮೆಯಾಗುವುದಿಲ್ಲ.

ಈಗ ಆ 66,000 ಎರಡು ಪಾಲಾಗುತ್ತದೆ. ಮೂವತ್ತು ಸಾವಿರದ ಉಳಿತಾಯ ಸೊನ್ನೆಗೆ ಇಳಿದದ್ದು ಮಾಲು ಕಡಿಮೆ ಬಂದದ್ದಕ್ಕೆ. ಸೊನ್ನೆಯಿಂದ ಮತ್ತೂ ಕೆಳಗೆ ಹೋದ 36,000 ದರಗಳಿಂದ ಬಂದದ್ದು. ಆ ದರಗಳನ್ನು ಬಿಡಿಸಿ ನೋಡಿರಿ. ಮಾರಾಟದಲ್ಲಿ 20,000 ಅನುಕೂಲ, ಖರೀದಿಯಲ್ಲಿ 40,000 ಪ್ರತಿಕೂಲ, ಸಾಗಣೆಯಲ್ಲಿ 16,000 ಪ್ರತಿಕೂಲ. ಮೊದಲ ತಖ್ತೆಯಲ್ಲಿ ಅನುಕೂಲವೆಂದು ಕಂಡ ಎರಡು ಬಾಬುಗಳೂ ಪ್ರತಿಕೂಲವಾಗಿ ನಿಂತವು. ಮಾರಾಟ ಮಾಡಿದವನು ಅಂದಾಜಿಗಿಂತ ಒಳ್ಳೆಯ ದರವನ್ನೇ ತಂದಿದ್ದ.

ಇಷ್ಟು ಗೊತ್ತಾದ ಮೇಲೆ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ನೂರು ಕ್ವಿಂಟಲ್ ಯಾಕೆ ಬರಲಿಲ್ಲ? ಮಳೆ ಕೈಕೊಟ್ಟಿತೋ, ಅಥವಾ ಸದಸ್ಯರೇ ಹೊರಗಿನ ವ್ಯಾಪಾರಿಗೆ ಹಾಕಿದರೋ? ಸಾಗಣೆಗೆ ಕ್ವಿಂಟಲಿಗೆ 40 ರೂಪಾಯಿ ಯಾಕೆ ಹೆಚ್ಚು ಬಿತ್ತು? ಲಾರಿ ಅರ್ಧ ತುಂಬಿಯೇ ಹೋಯಿತೋ, ಬಾಡಿಗೆಯೇ ಏರಿತೋ? ಲಾರಿಯವನು ಖೇಪಿಗೆ ಇಷ್ಟು ಅಂತ ತಗೊಳ್ಳುವವನಾದರೆ, ಅರ್ಧ ಲಾರಿಗೂ ಪೂರಾ ಬಾಡಿಗೆ ಕೊಡಲೇಬೇಕು.

ಖರೀದಿಯ 40,000 ಮಾತ್ರ ಬೇರೆ ಜಾತಿಯದು. ಕಂಪನಿಯ ಪುಸ್ತಕದಲ್ಲಿ ಅದು ಪ್ರತಿಕೂಲ, ಖರೆ. ಆದರೆ ಕ್ವಿಂಟಲಿಗೆ 100 ರೂಪಾಯಿ ಹೆಚ್ಚು ಪಡೆದವರು ಯಾರು? ತೊಗರಿ ಹಾಕಿದ ಸದಸ್ಯರೇ, ಅಂದರೆ ನೀವೇ. ಹಾಗಂತ ಇದನ್ನು ಪ್ರತಿ ವರ್ಷ ನಡೆಸಲಿಕ್ಕೆ ಬರುವುದಿಲ್ಲ. ಲುಕ್ಸಾನು ನಿಮ್ಮ ಶೇರಿನ ಬಂಡವಾಳವನ್ನೇ ತಿನ್ನುತ್ತದೆ. ತೊಗರಿ ಹಾಕದ ಸದಸ್ಯನಿಗೆ ಹೆಚ್ಚಿನ ದರ ಸಿಗಲಿಲ್ಲ, ಲುಕ್ಸಾನಿನ ಪಾಲು ಮಾತ್ರ ಬಂತು. ಇದು ಸಭೆಯಲ್ಲಿ ಬಾಯಿಬಿಟ್ಟು ಮಾತಾಡಬೇಕಾದ ಸಂಗತಿ.

ಇನ್ನೊಂದು ಎಚ್ಚರಿಕೆ. ಖರ್ಚಿನ ಮುಂದೆ ಅನುಕೂಲ ಅಂತ ಕಂಡರೆ, ಆ ಕೆಲಸ ಆಗಿದೆಯೋ ಇಲ್ಲವೋ ವಿಚಾರಿಸಿರಿ. ಗೋದಾಮಿನ ತಗಡು ರಿಪೇರಿಗೆ 25,000 ಹಿಡಿದು ರಿಪೇರಿ ಮಾಡದೇ ಬಿಟ್ಟರೂ ತಖ್ತೆಯಲ್ಲಿ 25,000 ಅನುಕೂಲವೇ. ಮುಂದಿನ ಮಳೆಗಾಲದಲ್ಲಿ ಚೀಲ ತೊಯ್ದಾಗ ಅದರ ಬೆಲೆ ಗೊತ್ತಾಗುತ್ತದೆ. ಹಾಗೆಯೇ ಕಂಪನಿಯ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮ್ಮ ತೊಗರಿಯ ವ್ಯಾಪಾರ ಅದಕ್ಕೂ ಮೊದಲಿನ ಒಂದೆರಡು ತಿಂಗಳಲ್ಲೇ ಜೋರು. ಮಾರ್ಚಿನಲ್ಲಿ ಹೋದ ಲಾರಿಯ ಬಿಲ್ಲು ಏಪ್ರಿಲಿನಲ್ಲಿ ಬಂದು, ಗುಮಾಸ್ತ ಅದನ್ನು ಹಳೆಯ ವರ್ಷಕ್ಕೆ ಸೇರಿಸದಿದ್ದರೆ, ಈ ವರ್ಷ ಅನುಕೂಲ ಕಾಣಿಸಿ ಮುಂದಿನ ವರ್ಷ ಹೊರೆಯಾಗುತ್ತದೆ. "ಕೊಡಬೇಕಾದ ಬಿಲ್ಲು ಎಲ್ಲಾ ಹಿಡಿದೀರೇನ್ರಿ?" ಅಂತ ಒಂದು ಮಾತು ಕೇಳಿರಿ.

ವಾರ್ಷಿಕ ಸಭೆಯ ನೋಟೀಸು ಕನಿಷ್ಠ 14 ದಿನ ಮೊದಲು ಬರಬೇಕು, ತಪಾಸಣೆಯಾದ ಲೆಕ್ಕವೂ ಅದರ ಜೊತೆಗೆ ಇರಬೇಕು. ಫರಕಿನ ತಖ್ತೆಯನ್ನೂ ಅದರ ಜೊತೆಗೇ ಕೇಳಿ ಪಡೆಯಿರಿ. ಓದು ಬಲ್ಲ ಮಗನನ್ನೋ ಮಗಳನ್ನೋ ಕೂರಿಸಿಕೊಂಡು, ಆದ ಕ್ವಿಂಟಲಿಗೆ ಆಗಬೇಕಿದ್ದ ಖರ್ಚಿನ ಅಂಕಣವನ್ನು ಮನೆಯಲ್ಲೇ ಹಾಕಿರಿ. ರೈತರೇ ಬಿಡಿಬಿಡಿಯಾಗಿ ಸದಸ್ಯರಾದ ಕಂಪನಿಯಲ್ಲಿ ಹತ್ತು ಶೇರಿನವನಿಗೂ ಒಂದು ಶೇರಿನವನಿಗೂ ಮತ ಒಂದೇ. ಆ ಮತಕ್ಕೆ ಕೈಯೆತ್ತುವ ಮೊದಲು ಈ ಲೆಕ್ಕ ನಿಮ್ಮ ಕೈಯಲ್ಲಿರಲಿ.