ಒಂದು ಹನಿ ಬಿದ್ದಾಗ ಹೊಲದಲ್ಲಿ ಏನಾಗುತ್ತದೆ?
(ಐದು ನಿಮಿಷದ ಮಾತು: ಮಣ್ಣಿನ ಸವಕಳಿ)

ಸ್ಲೈಡ್ 1: ಹೊಲದ ಮಣ್ಣು ಹೊಳೆಗೆ

ಮುಂಗಾರು ಜೋರಾದಾಗ ದೂಧಗಂಗೆಯ ನೀರು ಕೆಂಗಂದು ಬಣ್ಣಕ್ಕೆ ತಿರುಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಬಣ್ಣ ನೀರಿನದಲ್ಲ, ಮಣ್ಣಿನದು. ಅದರಲ್ಲಿ ಹೊಳೆಯ ದಂಡೆ ಕುಸಿದು ಬಂದ ಮಣ್ಣೂ ಇದೆ, ಹೊಲಗಳಿಂದ ತೊಳೆದು ಬಂದ ಮಣ್ಣೂ ಇದೆ. ಹೊಲದ ಮಣ್ಣು ತನ್ನ ಜಾಗ ಬಿಟ್ಟು ಏಳುವುದು ಹೇಗೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ಇವತ್ತು ಹೇಳುತ್ತೇನೆ.

ಸ್ಲೈಡ್ 2: ಮೊದಲ ಪೆಟ್ಟು ಹನಿಯದು

ಹರಿಯುವ ನೀರೇ ಮಣ್ಣನ್ನು ಕೀಳುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಕೆಲಸ ಶುರುವಾಗುವುದು ಅದಕ್ಕೂ ಮೊದಲೇ. ಸುಮಾರು 5 ಮಿಲಿಮೀಟರ್ ಅಗಲದ ದಪ್ಪ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ನಾವು ಜೋರಾಗಿ ತುಳಿಯುವ ಸೈಕಲ್ಲಿಗಿಂತ ಅದು ವೇಗ. ಬರಿ ನೆಲವಾದರೆ ಮಣ್ಣಿನ ಹೆಂಟೆ ಒಡೆದು, ಸಣ್ಣ ಕಣಗಳು ಅರ್ಧ ಮೀಟರಿನಷ್ಟು ಎತ್ತರಕ್ಕೆ ಸಿಡಿಯುತ್ತವೆ. ಮಳೆ ನಿಂತ ಮೇಲೆ ಮನೆಯ ಗೋಡೆಯ ಬುಡದಲ್ಲಿ ಕಾಣುವ ಕೆಸರಿನ ಚುಕ್ಕೆಗಳು ಹೀಗೆ ಸಿಡಿದವೇ.

ಒಡೆದ ಕಣಗಳು ಮಣ್ಣಿನ ಸಣ್ಣ ರಂಧ್ರಗಳಲ್ಲಿ ಕೂತು ಅವನ್ನು ಮುಚ್ಚುತ್ತವೆ. ಆಗ ನೀರಿಗೆ ಒಳಗೆ ಇಳಿಯಲು ದಾರಿ ಇರುವುದಿಲ್ಲ, ಇಳಿಜಾರಿನ ಕಡೆ ಹರಿಯತೊಡಗುತ್ತದೆ. ಸಡಿಲಾದ ಕಣಗಳೂ ಅದರ ಜತೆ ಹೊರಡುತ್ತವೆ.

ಸ್ಲೈಡ್ 3: ಎರೆ ಹೊಲದ ಗುಣ

ನಮ್ಮ ಕಡೆಯ ಎರೆ ಮಣ್ಣಿಗೆ ಇನ್ನೊಂದು ಗುಣವಿದೆ. ಬೇಸಿಗೆಯಲ್ಲಿ ಅದು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಆಮೇಲೆ ಮಣ್ಣು ನೀರು ಕುಡಿದು ಉಬ್ಬಿ, ಬಿರುಕುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಅಲ್ಲಿಂದ ಮುಂದೆ ನೀರು ಬಹಳ ನಿಧಾನವಾಗಿ ಇಳಿಯುವುದರಿಂದ, ಜೋರು ಮಳೆ ಬಂದರೆ ಹೆಚ್ಚಿನದು ಮೇಲೆಯೇ ಹರಿಯುತ್ತದೆ. ಸೋಯಾಬೀನ್ ಬಿತ್ತಿ, ಸಸಿ ಇನ್ನೂ ಚಿಕ್ಕದಿರುವ ದಿನಗಳಲ್ಲೇ ಇಂಥ ಮಳೆ ಬಂದರೆ ನೆಲಕ್ಕೆ ಎಲೆಯ ಮರೆಯೂ ಇರುವುದಿಲ್ಲ. ಆದ್ದರಿಂದ ಸ್ವಲ್ಪವೇ ಇಳಿಜಾರಿರುವ ಎರೆ ಹೊಲವೂ ಮಣ್ಣು ಕಳೆದುಕೊಳ್ಳುತ್ತದೆ.

ಸ್ಲೈಡ್ 4: ಒಂದು ಮಿಲಿಮೀಟರ್ ಎಂದರೆ ಎಷ್ಟು?

ಒಂದು ಎಕರೆಯಿಂದ ಬರೀ 1 ಮಿಲಿಮೀಟರ್ ದಪ್ಪದ ಮಣ್ಣು ಹೋಯಿತು ಎಂದುಕೊಳ್ಳಿ. ಅದು ಕಣ್ಣಿಗೆ ಕಾಣುವುದೇ ಇಲ್ಲ. ಈಗ ಲೆಕ್ಕ ಹಾಕೋಣ. ಎಕರೆ ಎಂದರೆ ಸುಮಾರು 4,000 ಚದರ ಮೀಟರ್. ಅದರ ಮೇಲೆ 1 ಮಿಲಿಮೀಟರ್ ದಪ್ಪವೆಂದರೆ 4 ಘನ ಮೀಟರ್ ಮಣ್ಣು. ಒಂದು ಘನ ಮೀಟರ್ ಒಣ ಮಣ್ಣು 1,250 ಕಿಲೋ ತೂಗುತ್ತದೆ ಎಂದು ಹಿಡಿದರೆ ಒಟ್ಟು 5,000 ಕಿಲೋ. 50 ಕಿಲೋ ಚೀಲಗಳಲ್ಲಿ ತುಂಬಿದರೆ ನೂರು ಚೀಲ! ಹೋಗುವುದು ಮೇಲಿನ ಮಣ್ಣು. ಗೊಬ್ಬರದ ಸಾರ ಹೆಚ್ಚಿರುವುದೂ ಅದರಲ್ಲೇ.

ಸ್ಲೈಡ್ 5: ಗುರುತು ಹಿಡಿಯುವುದು ಹೇಗೆ?

ಮಳೆ ನಿಂತ ಮೇಲೆ ಹೊಲದಲ್ಲಿ ಬಗ್ಗಿ ನೋಡಿ. ಸಣ್ಣ ಹರಳುಗಳ ಕೆಳಗೆ ಮಾತ್ರ ಮಣ್ಣು ಉಳಿದು, ಹರಳು ಪುಟ್ಟ ಕಂಬದ ಮೇಲೆ ಕೂತಂತೆ ಕಂಡರೆ, ಸುತ್ತಲಿನ ಮಣ್ಣು ಆ ಕಂಬದ ಎತ್ತರದಷ್ಟು ಹೋಗಿದೆ ಎಂದರ್ಥ. ಅಳತೆಪಟ್ಟಿ ಹಿಡಿದು ಅಳೆಯಬಹುದು. ಬೆರಳಗಲದ ಕಾಲುವೆಗಳು ಮೂಡಿದ್ದರೆ ನೀರು ಒಂದೇ ದಾರಿ ಹಿಡಿಯುತ್ತಿದೆ ಎಂದು ತಿಳಿಯಬೇಕು. ಈ ಹಂತದಲ್ಲಿ ಹರಗಿದರೆ ಅವು ಮುಚ್ಚುತ್ತವೆ. ಬಿಟ್ಟರೆ ವರ್ಷ ವರ್ಷ ಆಳವಾಗಿ, ಎತ್ತು, ಟ್ರ್ಯಾಕ್ಟರ್ ದಾಟಲಾರದ ಕೊರಕಲುಗಳಾಗುತ್ತವೆ.

ಸ್ಲೈಡ್ 6: ತಡೆಯುವ ಮೂರು ದಾರಿ

ಮೊದಲನೆಯದು ನೆಲಕ್ಕೆ ಹೊದಿಕೆ. ಕಬ್ಬು ಕಡಿದ ಮೇಲೆ ರವದಿಯನ್ನು ಸುಡದೆ ಹೊಲದಲ್ಲಿ ಹರಡಿದರೆ ಹನಿಯ ಪೆಟ್ಟು ರವದಿಗೆ ಬೀಳುತ್ತದೆ, ಮಣ್ಣಿಗೆ ಬೀಳುವುದಿಲ್ಲ. ಎರಡನೆಯದು ಇಳಿಜಾರಿಗೆ ಅಡ್ಡವಾಗಿ ಉಳುವುದು, ಬಿತ್ತುವುದು. ಆಗ ಪ್ರತಿ ಸಾಲೂ ನೀರನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಇಳಿಜಾರಿನ ಉದ್ದಕ್ಕೆ ಉತ್ತರೆ ಅದೇ ಸಾಲು ನೀರಿಗೆ ಓಡುವ ದಾರಿಯಾಗುತ್ತದೆ.

ಮೂರನೆಯದು ಒಡ್ಡು ಹಾಕುವುದು. ಅದು ನಮ್ಮ ಭಾಗಕ್ಕೆ ಹೊಸದಲ್ಲ. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1942ರಲ್ಲೇ ಇಂಥ ಕೆಲಸಗಳಿಗಾಗಿ ಜಮೀನು ಅಭಿವೃದ್ಧಿಯ ಕಾಯ್ದೆ ಬಂದಿತ್ತು. ಆದರೆ ಎರೆ ಹೊಲದ ಒಡ್ಡಿಗೆ ಒಂದು ಎಚ್ಚರ ಬೇಕು. ನೀರನ್ನು ಪೂರ್ತಿ ತಡೆದರೆ ಅದು ಬೇಗ ಇಂಗುವುದಿಲ್ಲ, ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಒಡ್ಡಿನೊಳಗೆ ನೀರು ನುಗ್ಗಿ ಒಡ್ಡೇ ಒಡೆಯುವುದೂ ಉಂಟು. ಒಂದು ಒಡ್ಡು ಒಡೆದರೆ ಅಲ್ಲಿ ನಿಂತಿದ್ದ ನೀರೆಲ್ಲ ಒಮ್ಮೆಗೇ ಕೆಳಗಿನ ಹೊಲಕ್ಕೆ ನುಗ್ಗುತ್ತದೆ. ಅದಕ್ಕೇ ಎರೆ ನೆಲದಲ್ಲಿ ಒಡ್ಡಿಗೆ ಅತಿ ಸಣ್ಣ ಓಟ ಕೊಟ್ಟು, ಹೆಚ್ಚಾದ ನೀರನ್ನು ಹುಲ್ಲು ಬೆಳೆದ ಕಾಲುವೆಗೆ ಮೆಲ್ಲನೆ ಬಿಡುತ್ತಾರೆ.

ಸ್ಲೈಡ್ 7: ಮಾಡಿ ನೋಡಿ

ಎರಡು ತಟ್ಟೆಗಳಲ್ಲಿ ಒಂದೇ ಹೊಲದ ಒಣ ಮಣ್ಣು ತುಂಬಿ. ಒಂದಕ್ಕೆ ರವದಿ ಹೊದಿಸಿ, ಇನ್ನೊಂದನ್ನು ಹಾಗೇ ಬಿಡಿ. ಎರಡರ ಹಿಂದೆಯೂ ಬಿಳಿ ಕಾಗದ ನಿಲ್ಲಿಸಿ, ಮುಚ್ಚಳಕ್ಕೆ ತೂತು ಹಾಕಿದ ಬಾಟಲಿಯಿಂದ ಒಂದೇ ಎತ್ತರದಿಂದ, ಒಂದೇ ಅಳತೆಯ ನೀರು ಹನಿಸಿ. ಎತ್ತರ ಅಥವಾ ನೀರು ಹೆಚ್ಚುಕಡಿಮೆಯಾದರೆ ಹೋಲಿಕೆ ಸರಿಯಾಗುವುದಿಲ್ಲ. ಕಾಗದದ ಮೇಲಿನ ಕೆಸರು ಚುಕ್ಕೆಗಳನ್ನು ಎಣಿಸಿದರೆ ಹೊದಿಕೆ ಎಷ್ಟು ಮಣ್ಣನ್ನು ಉಳಿಸಿತು ಎಂಬ ಅಂದಾಜು ಸಿಗುತ್ತದೆ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಿ.