ಹೆಣ ಹೊತ್ತ ಗಾಡಿ: ‘ಸಂಸ್ಕಾರ’ದ ಆ ರಾತ್ರಿ, ಅಹಮದ್ ಬ್ಯಾರಿಯ ಕಡೆಯಿಂದ

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಸಣ್ಣಕತೆ ಓದ್ತೀನಿ. ಬರೆದಿದ್ದು ನಾನೇ, ಆದ್ರೆ ಅದರಲ್ಲಿ ನಡೆಯೋ ಘಟನೆ ನನ್ನದಲ್ಲ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಿಂದ ತಗೊಂಡಿದ್ದು. 1965ರಲ್ಲಿ ಬಂದ ಪುಸ್ತಕ. ಕತೆಗೆ ಮುಂಚೆ ಅದರ ಹಿನ್ನೆಲೆ ಸ್ವಲ್ಪ ಹೇಳ್ತೀನಿ. ಕಾದಂಬರಿ ಓದಬೇಕು ಅಂತ ಇಟ್ಕೊಂಡಿರೋರು ಇಲ್ಲೇ ಪಾಸ್ ಮಾಡಿ, ಓದಿ ಬನ್ನಿ. ಮುಖ್ಯವಾದ ವಿಷಯವೇ ಹೊರಗೆ ಬರುತ್ತೆ.

ದೂರ್ವಾಸಪುರ ಅನ್ನೋ ಅಗ್ರಹಾರ. ಅಲ್ಲಿ ನಾರಣಪ್ಪ ಸತ್ತಿದ್ದಾನೆ. ಹುಟ್ಟಿನಿಂದ ಬ್ರಾಹ್ಮಣ, ಆದ್ರೆ ಮಾಂಸ ತಿಂದವನು, ಕುಡಿದವನು, ಮುಸ್ಲಿಂ ಗೆಳೆಯರ ಜೊತೆ ದೇವಸ್ಥಾನದ ಹೊಂಡದಲ್ಲೇ ಮೀನು ಹಿಡಿದವನು. ಚಂದ್ರಿ ಅನ್ನೋ ಹೆಂಗಸಿನ ಜೊತೆ ಬಾಳಿದವನು. ಅವನ ಶವ ಸುಡೋದು ಯಾರು? ಸುಟ್ಟರೆ ಜಾತಿ ಕೆಡುತ್ತಾ? ಸುಡದಿದ್ರೆ ಯಾರೂ ಊಟ ಮಾಡೋ ಹಾಗಿಲ್ಲ. ಖರ್ಚಿಗೆ ಅಂತ ಚಂದ್ರಿ ತನ್ನ ಚಿನ್ನ ಬಿಚ್ಚಿಟ್ಟ ಮೇಲಂತೂ ಆಸೆಯೂ ಸೇರ್ಕೊಳ್ಳುತ್ತೆ. ಪ್ರಾಣೇಶಾಚಾರ್ಯರು ಶಾಸ್ತ್ರಗ್ರಂಥ ಹುಡುಕ್ತಾರೆ, ಮಾರುತಿ ಗುಡಿಯಲ್ಲಿ ಪ್ರಸಾದಕ್ಕೆ ಕಾಯ್ತಾರೆ. ಉತ್ತರ ಸಿಗಲ್ಲ. ವಾಪಸ್ ಬರೋವಾಗ ಕಾಡಿನ ಕತ್ತಲಲ್ಲಿ ಅವರೂ ಚಂದ್ರಿಯೂ ಸೇರ್ತಾರೆ. ವಿಮರ್ಶಕರು ಹೆಚ್ಚು ಬರೆದಿರೋದು ಈ ಸನ್ನಿವೇಶದ ಬಗ್ಗೆ.

ಆದ್ರೆ ಅದೇ ರಾತ್ರಿ ಇನ್ನೊಂದು ಕೆಲಸ ಆಗುತ್ತೆ. ಚಂದ್ರಿ ಗಾಡಿಗಾಗಿ ಒಬ್ಬನನ್ನ ಕೇಳ್ತಾಳೆ, ಬ್ರಾಹ್ಮಣನ ಹೆಣ ಮುಟ್ಟೋಕೆ ಅವನು ಹೆದರ್ತಾನೆ. ಆಮೇಲೆ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ ಹತ್ರ ಹೋಗ್ತಾಳೆ. ಹಿಂದೆ ಎತ್ತು ಕೊಳ್ಳೋಕೆ ನಾರಣಪ್ಪ ಅವನಿಗೆ ದುಡ್ಡು ಕೊಟ್ಟಿದ್ದ. ಬ್ಯಾರಿ ಗಾಡಿ ಕಟ್ಕೊಂಡು ಬಂದು, ಯಾರಿಗೂ ಗೊತ್ತಾಗದ ಹಾಗೆ ಶವ ಸುಟ್ಟು ಹೋಗ್ತಾನೆ. ಇಡೀ ಕಾದಂಬರಿಯನ್ನ ಹಿಡಿದು ನಿಲ್ಲಿಸಿದ ಪ್ರಶ್ನೆ ಕೆಲವೇ ಸಾಲಲ್ಲಿ ತೀರಿಹೋಗುತ್ತೆ. ಪ್ರಾಣೇಶಾಚಾರ್ಯರಿಗೆ ಇದು ಕೊನೆವರೆಗೂ ಗೊತ್ತಾಗಲ್ಲ.

ನಾನು ಓದಿದ್ದು ಬಿ.ಕಾಂ. ಆ ಸಾಲುಗಳಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಸಾಲ. ಅಗ್ರಹಾರದಲ್ಲಿ ಎಲ್ಲರೂ ಚಿನ್ನದ ಲೆಕ್ಕ ಹಾಕ್ತಿದ್ದಾರೆ. ಊರಾಚೆ ಒಬ್ಬ ಮಾತ್ರ ತಾನು ಕೊಡಬೇಕಾಗಿರೋದರ ಲೆಕ್ಕ ಇಟ್ಕೊಂಡಿದ್ದಾನೆ. ಕತೆ ಅವನಿಂದ ಹೇಳಿಸಿದ್ರೆ ಹೇಗಿರುತ್ತೆ?

ಹೀಗೆ ಬರೆಯೋವಾಗ ದೊಡ್ಡ ಅಪಾಯ ಒಂದಿದೆ. ಕಾದಂಬರಿ ಓದಿರೋದು ನಾನು, ಬ್ಯಾರಿ ಅಲ್ಲ. ನನಗೆ ಗೊತ್ತಿರೋದೆಲ್ಲ ಅವನ ಬಾಯಿಂದ ಬಂದುಬಿಟ್ರೆ ಅವನು ಮನುಷ್ಯ ಆಗಿ ಉಳಿಯಲ್ಲ, ನನ್ನ ಮೈಕ್ ಆಗ್ತಾನೆ. ಅದಕ್ಕೆ ಒಂದು ಪರೀಕ್ಷೆ ಇಟ್ಕೊಂಡೆ. ಪ್ರತಿ ವಾಕ್ಯಕ್ಕೂ ಕೇಳೋದು: ಇದು ಅವನಿಗೆ ಹೇಗೆ ಗೊತ್ತು? ಕಂಡನಾ, ಕೇಳಿದನಾ, ಊಹಿಸಿದನಾ? ಮೂರೂ ಅಲ್ಲ ಅಂದ್ರೆ ಆ ವಾಕ್ಯ ಹೋಗಬೇಕು. ಕಾಡಲ್ಲಿ ನಡೆದದ್ದು ಅವನಿಗೆ ಗೊತ್ತಿರೋಕೆ ಸಾಧ್ಯವೇ ಇಲ್ಲ. ಶಾಸ್ತ್ರದ ಚರ್ಚೆಯೂ ಅವನ ಕಿವಿಗೆ ಬಿದ್ದಿಲ್ಲ.

ಇನ್ನೊಂದು ನಿಯಮ, ಕಾದಂಬರಿಯಲ್ಲಿ ನಡೆದದ್ದನ್ನ ಬದಲಾಯಿಸಬಾರದು. ಅದು ವಿವರ ಹೇಳದೆ ಬಿಟ್ಟ ಕಡೆ ಮಾತ್ರ ತುಂಬಬಹುದು. ಸಾಲದಲ್ಲಿ ಅರ್ಧ ಬಾಕಿ ಇತ್ತು ಅನ್ನೋದು, ಕಟ್ಟಿಗೆ ಎಲ್ಲಿಂದ ಬಂತು, ಗಾಡಿಯ ಸದ್ದು ಹೇಗೆ ಅಡಗಿತು, ಇವೆಲ್ಲ ನಾನು ಕಟ್ಟಿದ್ದು. ಕತೆ ಈಗ.

*

ಬಾಗಿಲು ತಟ್ಟಿದಾಗ ಪೊಲೀಸ್ ಅಂದ್ಕೊಂಡೆ. ತೆಗೆದ್ರೆ ಚಂದ್ರಿಯಮ್ಮ. ಕೈಯಲ್ಲಿ ಲಾಟೀನು ಇಲ್ಲ. ತಲೆಕೂದಲಲ್ಲಿ ಒಣಹುಲ್ಲು ಸಿಕ್ಕಿಕೊಂಡಿತ್ತು. ಕಾಡು ದಾರಿಯಲ್ಲಿ ಓಡಿ ಬಂದು ಎಲ್ಲೋ ಬಿದ್ದಿರಬೇಕು ಅಂದ್ಕೊಂಡೆ, ಕೇಳಲಿಲ್ಲ.

“ಸಾಬ್ರೇ, ನಿಮ್ಮ ಗಾಡಿ ಬೇಕು,” ಅಂದಳು. “ಹೆಣ ಹಾಗೇ ಇದೆ. ಯಾರೂ ಎತ್ತಲಿಲ್ಲ.”

ನಾರಣಪ್ಪಯ್ಯ ತೀರಿಹೋದ ಸುದ್ದಿ ಮೊದಲೇ ಕೇಳಿದ್ದೆ. ಅವರವರ ಪದ್ಧತಿ, ಅವರು ಮಾಡ್ಕೊಂಡಿರ್ತಾರೆ ಅಂತ ಸುಮ್ಮನಿದ್ದೆ. ನಮ್ಮಲ್ಲಿ ಸತ್ತರೆ ಹೊತ್ತು ಕಳೆಯೋದಿಲ್ಲ, ತೊಳೆದು, ಬಟ್ಟೆ ಸುತ್ತಿ, ಬೇಗ ಮಣ್ಣು ಮಾಡ್ತೀವಿ. ಇಷ್ಟು ಹೊತ್ತು ಇಟ್ಕೊಂಡು ಕೂತಿದ್ದಾರೆ ಅಂದ್ರೆ ನಂಬೋಕೇ ಆಗಲಿಲ್ಲ.

ಮನೆಯವಳು ಎದ್ದು ಬಂದಳು. “ಬೆಳಗ್ಗೆ ಸಿಕ್ಕಿಬಿದ್ರೆ ಏನು ಹೇಳ್ತೀರಿ?” ಅಂತ ನನ್ನನ್ನೇ ಕೇಳಿದಳು. ಅವಳು ಹೇಳಿದ್ದು ಸರಿ ಇತ್ತು. ಅಗ್ರಹಾರದೊಳಗೆ ರಾತ್ರಿ ಹೊತ್ತು ಒಬ್ಬ ಬ್ಯಾರಿ, ಗಾಡಿಯಲ್ಲಿ ಬ್ರಾಹ್ಮಣರ ಹೆಣ. ಕೊಂದವನೇ ನಾನು ಅಂದರೂ ಬಾಯಿ ಬಿಡೋ ಹಾಗಿಲ್ಲ. ಆಮೇಲೆ ಈ ಕಡೆ ಯಾರು ನನ್ನ ಹತ್ರ ಮೀನು ತಗೊಳ್ತಾರೆ?

ಕೊಟ್ಟಿಗೆಗೆ ಹೋದೆ. ಎರಡೂ ಎತ್ತು ಮಲಗಿದ್ದವು. ಇವನ್ನ ಕೊಳ್ಳೋಕೆ ದುಡ್ಡು ಕೊಟ್ಟವರು ಅವರು. ಬಡ್ಡಿ ಕೇಳಲಿಲ್ಲ, ಪತ್ರ ಬರೆಸಿಕೊಳ್ಳಲಿಲ್ಲ. ಅರ್ಧ ತೀರಿಸಿದ್ದೆ. ಉಳಿದದ್ದನ್ನ ಮಳೆಗಾಲ ಕಳೆದ ಮೇಲೆ ಕೊಡ್ತೀನಿ ಅಂದಾಗ “ಕೊಟ್ಟರೆ ಕೊಡೋ ಮಾರಾಯ” ಅಂತ ನಕ್ಕಿದ್ದರು.

ಎತ್ತುಗಳನ್ನ ಎಬ್ಬಿಸಿದೆ.

ಕೊರಳ ಗಂಟೆ ಬಿಚ್ಚಿಟ್ಟೆ. ಅಚ್ಚಿಗೆ ಕೀಲೆಣ್ಣೆ ಸುರಿದೆ, ಆ ಗಾಡಿ ಕಿರುಗುಟ್ಟೋದು ಅರ್ಧ ಮೈಲಿ ಕೇಳಿಸುತ್ತೆ. ಮಳೆಗಾಲಕ್ಕೆ ಅಂತ ಒಟ್ಟಿದ್ದ ಕಟ್ಟಿಗೆ ತುಂಬಿದೆ. ಎಷ್ಟು ಬೇಕು ಅಂತ ನನಗೆ ಗೊತ್ತಿಲ್ಲ, ಚಂದ್ರಿಯಮ್ಮನಿಗೂ ಗೊತ್ತಿಲ್ಲ. ಗಾಡಿ ಹಿಡಿಯೋವಷ್ಟು ತುಂಬಿ, ಮೇಲೆ ಒಬ್ಬ ಮನುಷ್ಯನಿಗೆ ಜಾಗ ಬಿಟ್ಟೆ.

“ಮೀನಿನ ವಾಸನೆ ಇದೆಯಮ್ಮ, ತೊಳೆಯೋಕೆ ಹೊತ್ತಿಲ್ಲ,” ಅಂದೆ.

“ಅವರಿಗೆ ಆ ವಾಸನೆ ಹೊಸದಲ್ಲ,” ಅಂದಳು.

ಅಗ್ರಹಾರದಲ್ಲಿ ಎಲ್ಲ ಬಾಗಿಲೂ ಹಾಕಿತ್ತು. ಒಳಗೆ ಯಾರಾದರೂ ಎದ್ದಿದ್ದರೋ ಏನೋ, ಎದ್ದಿದ್ದರೂ ಹೊರಗೆ ಬರಲಿಲ್ಲ. ನಾರಣಪ್ಪಯ್ಯನ ಮನೆ ಹತ್ರ ಎತ್ತುಗಳು ನಿಂತುಬಿಟ್ಟವು. ಆ ನಾತ ನನಗೂ ತಡೆಯೋಕಾಗಲಿಲ್ಲ. ಅವುಗಳ ಮೂಗಿನ ಹತ್ರ ಕೈ ಹಿಡಿದು, ನನ್ನ ವಾಸನೆ ಕೊಟ್ಟು, ಒಂದೊಂದೇ ಹೆಜ್ಜೆ ನಡೆಸಿದೆ.

ಮೈ ಊದಿತ್ತು. ಚಾಪೆಯಲ್ಲಿ ಸುತ್ತಿದೆವು. ತಲೆ ಕಡೆ ನಾನು, ಕಾಲ ಕಡೆ ಅವಳು. ಬದುಕಿದ್ದಾಗ ಅವರ ಮನೆಯ ಒಳಕೋಣೆಗೆ ನಾನು ಕಾಲಿಟ್ಟಿರಲಿಲ್ಲ. ಅವರು ಬಾ ಅಂದಿದ್ದರು, ನಾನೇ ಹೋಗಿರಲಿಲ್ಲ.

ಮಸಣದಲ್ಲಿ ಕಟ್ಟಿಗೆ ಒಟ್ಟಿದ ಮೇಲೆ ಕೇಳಿದೆ. “ತಲೆ ಯಾವ ಕಡೆ?”

ಚಂದ್ರಿಯಮ್ಮ ಸುಮ್ಮನೆ ನಿಂತಳು. ಹೆಂಗಸರನ್ನ ಇಲ್ಲಿಗೆ ಕರೆತರೋದಿಲ್ಲ, ಅವಳು ಎಲ್ಲಿ ನೋಡಿರ್ತಾಳೆ? ಅಷ್ಟು ಓದಿದವರು ಇರೋ ಅಗ್ರಹಾರ ಕೂಗಿದರೆ ಕೇಳೋಷ್ಟು ದೂರದಲ್ಲಿತ್ತು. ಹೋಗಿ ಕೇಳೋ ಹಾಗಿರಲಿಲ್ಲ.

“ನೀವು ಹೇಗೆ ಇಡ್ತೀರೋ ಹಾಗೆ ಇಡಿ,” ಅಂದಳು.

ನಮ್ಮವರಾಗಿದ್ದರೆ ಮುಖ ಯಾವ ಕಡೆಗೆ ಅಂತ ನನಗೆ ಗೊತ್ತು. ಇವರನ್ನ ಹಾಗೆ ಇಡೋದು ತಪ್ಪು ಅನ್ನಿಸಿತು. ಎತ್ತು ನಿಂತಿದ್ದ ಕಡೆಗೆ ತಲೆ ಮಾಡಿ ಇಟ್ಟೆ. ಕೊಳ್ಳಿ ಅವಳ ಕೈಗೆ ಕೊಟ್ಟೆ. ಅವಳು ಅತ್ತಳು. ನಾನು ಬಾಯಲ್ಲೇ ನಮ್ಮ ಮಾತೊಂದು ಹೇಳಿದೆ, ಅವಳಿಗೆ ಕೇಳಿಸದ ಹಾಗೆ.

ಬೆಳಕು ಹರಿಯೋ ಮುಂಚೆ ಗಾಡಿ ತಿರುಗಿಸಿದೆ. ಅವಳು ಕುಂದಾಪುರದ ಬಸ್ಸಿಗೆ ಹೋಗ್ತೀನಿ ಅಂದಳು. ಬಾಕಿ ದುಡ್ಡು ಯಾರಿಗೆ ಕೊಡಲಿ ಅಂತ ಕೇಳಬೇಕು ಅನ್ನಿಸಿತು. ಅವಳ ಮುಖ ನೋಡಿ ಬಿಟ್ಟೆ.

ಕೆಲವು ದಿನ ಆದ ಮೇಲೆ ದಾರಿಯಲ್ಲಿ ಒಬ್ಬ ಮೀನು ಕೊಳ್ತಾ ಹೇಳಿದ. “ಬ್ಯಾರಿಗಳೇ, ಕೇಳಿದ್ರಾ? ಅಗ್ರಹಾರದಲ್ಲಿ ಹೆಣ ಇನ್ನೂ ಹಾಗೇ ಕೊಳೀತಾ ಇದೆಯಂತೆ. ಭಟ್ಟರೆಲ್ಲ ಏನು ಮಾಡೋದು ಅಂತ ಕೇಳೋಕೆ ಮಠಕ್ಕೆ ಹೋಗಿದ್ದಾರಂತೆ.”

“ಹೌದಾ,” ಅಂದೆ. ಎಷ್ಟು ಬೇಕು ಅಂತ ಕೇಳಿದೆ. ಎರಡು ಹೆಚ್ಚು ಹಾಕಿ ಕೊಟ್ಟೆ.

*

ಕತೆ ಇಷ್ಟೇ. ಇದರಲ್ಲಿ ಎರಡು ಜಾಗದ ಬಗ್ಗೆ ಮಾತಾಡಬೇಕು.

ಒಂದು, ಆ ಒಣಹುಲ್ಲು. ಕಾದಂಬರಿ ಓದಿದವರಿಗೆ ಅದು ಎಲ್ಲಿಂದ ಬಂತು ಅಂತ ತಕ್ಷಣ ಗೊತ್ತಾಗುತ್ತೆ. ಬ್ಯಾರಿಗೆ ಗೊತ್ತಾಗಲ್ಲ, ಅವನು ತಪ್ಪಾಗಿ ಊಹಿಸ್ತಾನೆ. ಇಂಥ ಕತೆಗೆ ಬಲ ಬರೋದು ಈ ಅಂತರದಿಂದ. ಕೇಳೋ ನಿಮಗೆ ಪಾತ್ರಕ್ಕಿಂತ ಜಾಸ್ತಿ ಗೊತ್ತಿರುತ್ತೆ. ಅವನು “ಏನೋ ಆಗಿದೆ” ಅಂತ ಅನುಮಾನಪಟ್ಟಿದ್ರೂ ಸಾಕಿತ್ತು, ಆ ಅಂತರ ಮುಚ್ಚಿಹೋಗ್ತಿತ್ತು. ಕೊನೆಯಲ್ಲಿ ಅದೇ ತಿರುವುಮುರುವಾಗುತ್ತೆ. ಈಗ ಇಡೀ ಊರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತು, ಮತ್ತೆ ಅದನ್ನ ಹೇಳೋಕೆ ಅವನಿಂದ ಆಗಲ್ಲ. ಹೇಳಿದ್ರೆ ಹೆಣ ಮುಟ್ಟಿದವನು ಅವನು ಅಂತ ಆಗುತ್ತೆ.

ಇನ್ನೊಂದು, ಹೆಂಡತಿಯ ಪ್ರಶ್ನೆ. ಒಳ್ಳೆಯ ಕೆಲಸ ಮಾಡೋ ಪುಟ್ಟ ಪಾತ್ರವನ್ನ ಸಂತನನ್ನಾಗಿ ಮಾಡಿಬಿಡೋದು ತುಂಬ ಸುಲಭ, ಅದರಲ್ಲೂ ಅವನು ಮುಸ್ಲಿಂ ಆಗಿದ್ದಾಗ. “ನೋಡಿ, ಬ್ರಾಹ್ಮಣರಿಗಿಂತ ಇವನೇ ದೊಡ್ಡವನು” ಅಂತ ಹೇಳಿ ಮುಗಿಸಬಹುದು. ಆದ್ರೆ ಹಾಗೆ ಮಾಡಿದ್ರೆ ಅವನು ಮತ್ತೆ ಬೇರೆಯವರ ವಾದಕ್ಕೆ ಉದಾಹರಣೆ ಆಗ್ತಾನೆ ಅಷ್ಟೆ. ಅವನಿಗೆ ವ್ಯಾಪಾರ ಇದೆ, ಭಯ ಇದೆ, ಮಳೆಗಾಲಕ್ಕೆ ಇಟ್ಟ ಕಟ್ಟಿಗೆ ಖಾಲಿ ಆಗುತ್ತೆ. ಅವನಿಗೆ ನಷ್ಟ ಏನು ಅಂತ ಗೊತ್ತಾದ್ರೆ ಮಾತ್ರ ಅವನು ಎತ್ತುಗಳನ್ನ ಎಬ್ಬಿಸಿದ್ದಕ್ಕೆ ಅರ್ಥ ಬರುತ್ತೆ.

ಪ್ರಾಣೇಶಾಚಾರ್ಯರ ಪ್ರಶ್ನೆ “ಸುಡೋ ಅಧಿಕಾರ ಯಾರಿಗಿದೆ?” ಅಂತ. ಬ್ಯಾರಿ ಆ ಪ್ರಶ್ನೆಗೆ ಉತ್ತರ ಕೊಡಲ್ಲ, ಅದು ಅವನಿಗೆ ಎದುರಾಗೋದೇ ಇಲ್ಲ. ಅವನಿಗಿರೋದು ಬೇರೆ ಪ್ರಶ್ನೆಗಳು: ಗಾಡಿ ಸದ್ದು ಮಾಡುತ್ತಾ, ಕಟ್ಟಿಗೆ ಸಾಲುತ್ತಾ, ತಲೆ ಯಾವ ಕಡೆ ಇಡಬೇಕು? ಈ ಮೂರನೇದು ಕೇಳೋಕೆ ಸಣ್ಣದು, ಆದ್ರೆ ಅದೂ ಶಾಸ್ತ್ರದ ಪ್ರಶ್ನೆನೇ. ಉತ್ತರ ಗೊತ್ತಿದ್ದವರು ಬಾಗಿಲು ಹಾಕ್ಕೊಂಡು ಕೂತಿದ್ರು.

ಇದೇ ಕಾದಂಬರಿಯಲ್ಲಿ ನೀವು ಬರೆಯೋದಾದ್ರೆ ಇನ್ನೊಬ್ಬರು ಇದ್ದಾರೆ: ಪ್ರಾಣೇಶಾಚಾರ್ಯರ ಹೆಂಡತಿ ಭಾಗೀರಥಿ. ಕಾಯಿಲೆಯಿಂದ ಮಲಗಿದಲ್ಲೇ ಇರೋಳು. ಗಂಡ ಕಾಡಿನಿಂದ ತಡವಾಗಿ ಮನೆಗೆ ಬರ್ತಾರೆ. ಅವಳಿಗೆ ಏನು ಕಂಡಿತು, ಏನು ಕೇಳಿಸಿತು, ಏನು ಊಹಿಸಿದಳು? ಅವಳು ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ, ಅಂದ್ರೆ ನಿಮ್ಮ ಕತೆಯೂ ಆ ಕೋಣೆ ಬಿಟ್ಟು ಹೊರಗೆ ಬರೋ ಹಾಗಿಲ್ಲ. ಬರೆದ್ರೆ ಕಳಿಸಿ, ಓದ್ತೀನಿ. ಮುಂದಿನ ವಾರ ಸಿಗೋಣ.